ಒಂದು ಮನೆಯ ಲೆಕ್ಕ

ಚದುರಂಗದಲ್ಲಿ ಕಾಯಿ ಕಡಿಯುವುದಕ್ಕಿಂತ ಸುಲಭವಾದ ಕೆಲಸ ಇನ್ನೊಂದಿಲ್ಲ. ಆದರೆ ಕಡಿದ ಮೇಲೆ ಏನಾಗುತ್ತದೆ ಎಂಬುದನ್ನು ಕಡಿಯುವುದಕ್ಕೆ ಮೊದಲೇ ತಿಳಿದುಕೊಳ್ಳುವುದು ಅಷ್ಟು ಸುಲಭವಲ್ಲ. ನಮ್ಮ ವಿದ್ಯಾರ್ಥಿಗಳ ವಿಶ್ರಾಂತಿ ಕೊಠಡಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ನಡೆಯುವ ಆಟಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಇಲ್ಲಿ ಸೋಲುವವನು ಎದುರಾಳಿಯ ಗಹನವಾದ ಯುಕ್ತಿಗೆ ಸಿಕ್ಕಿ ಸೋಲುವುದು ಅಪರೂಪ. ಹಲಗೆಯ ನಡುವಿನ ಯಾವುದೋ ಒಂದು ಮನೆಯಲ್ಲಿ ಇಬ್ಬರೂ ಪಟಪಟನೆ ಕಡಿದಾಡುತ್ತಾರೆ. ಗದ್ದಲವೆಲ್ಲ ನಿಂತ ಮೇಲೆ ಎಣಿಸಿ ನೋಡಿದರೆ ಒಬ್ಬನ ಕಡೆ ಒಂದು ಕುದುರೆ ಕಡಮೆಯಾಗಿರುತ್ತದೆ. ಅಲ್ಲಿಂದ ಮುಂದಕ್ಕೆ ಆಟವೆಂಬುದು ಕೇವಲ ಔಪಚಾರಿಕ.

ಆ ಎಣಿಕೆಯನ್ನು ಗದ್ದಲವಾದ ಮೇಲೆ ಮಾಡುವುದಕ್ಕೆ ಬದಲಾಗಿ ಮೊದಲೇ ಮಾಡುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ಇದಕ್ಕಾಗಿ ಇಡೀ ಹಲಗೆಯನ್ನು ತೆಗೆದುಕೊಳ್ಳುವುದಿಲ್ಲ. ಒಂದೇ ಒಂದು ಮನೆಯನ್ನು ಹಿಡಿದುಕೊಂಡು, ಆ ಮನೆಯ ಮೇಲೆ ಲೆಕ್ಕವು ಹೇಗೆ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ನೋಡೋಣ.

ಮೊದಲು ಹೆಸರುಗಳ ವಿಷಯವಾಗಿ ಎರಡು ಮಾತು. ಕಾಯಿಗಳನ್ನು ನಮ್ಮಲ್ಲಿ ರೂಢಿಯಿರುವಂತೆಯೇ ಕರೆದಿದ್ದೇನೆ: ರಾಜ, ಮಂತ್ರಿ, ಮೂಲೆಯಲ್ಲಿ ಆನೆ, ಅದರ ಪಕ್ಕದಲ್ಲಿ ಕುದುರೆ, ಓರೆಯಾಗಿ ಓಡುವ ಒಂಟೆ, ಮುಂದಿನ ಸಾಲಿನಲ್ಲಿ ಕಾಲಾಳು. ಮನೆಗಳನ್ನು ಗುರುತಿಸುವುದಕ್ಕೆ ಬಿಳಿಯ ಕಾಯಿಗಳ ಕಡೆ ಕುಳಿತವನ ಎಡಗೈಯಿಂದ ಬಲಕ್ಕೆ ಎಂಟು ಕಂಬಸಾಲುಗಳಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಅವನಿಂದ ದೂರಕ್ಕೆ 1ರಿಂದ 8ರವರೆಗೆ ಎಣಿಕೆ. ಬಿಳಿಯ ರಾಜ ಮೊದಲು ನಿಲ್ಲುವುದು ಇ1ರಲ್ಲಿ, ಕರಿಯ ಮಂತ್ರಿ ಡಿ8ರಲ್ಲಿ. ಜಗಲಿಯ ಮೇಲೆ ಹಿರಿಯರು ಆಡುವ ದೇಶೀ ಆಟದ ನಿಯಮಗಳು ಕೆಲವೆಡೆ ಬೇರೆ. ಇಲ್ಲಿ ಹೇಳುವುದೆಲ್ಲ ಪಂದ್ಯಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ನಿಯಮಕ್ಕೆ ಸೇರಿದ್ದು. ಓದುವವರು ಹಲಗೆಯೊಂದನ್ನು ಎದುರಿಗೆ ಇಟ್ಟುಕೊಂಡರೆ ನನ್ನ ಕೆಲಸ ಅರ್ಧ ಹಗುರವಾಗುತ್ತದೆ.

ನಾವು ಆರಿಸಿಕೊಳ್ಳುವ ಮನೆ ಡಿ5. 'ಕ್ವೀನ್ಸ್ ಗ್ಯಾಂಬಿಟ್' ಎಂಬ ಹಳೆಯ ಆರಂಭದಲ್ಲಿ ಜಗಳವೆಲ್ಲ ಈ ಮನೆಯ ಸುತ್ತಲೇ ನಡೆಯುತ್ತದೆ. ಬಿಳಿ ತನ್ನ ಕಾಲಾಳನ್ನು ಡಿ4ಕ್ಕೆ ನಡೆಸುತ್ತದೆ, ಕರಿ ಡಿ5ಕ್ಕೆ. ಬಿಳಿಯ ಎರಡನೆಯ ಕಾಲಾಳು ಸಿ4ಕ್ಕೆ ಬಂದು ಕರಿಯ ಕಾಲಾಳನ್ನು ಕೆಣಕುತ್ತದೆ. ಕರಿ ಇ6ರಲ್ಲಿ ಇನ್ನೊಂದು ಕಾಲಾಳನ್ನಿಟ್ಟು ಆಸರೆ ಕೊಡುತ್ತದೆ. ಬಿಳಿಯ ಕುದುರೆ ಸಿ3ಕ್ಕೆ, ಕರಿಯ ಕುದುರೆ ಎಫ್6ಕ್ಕೆ. ನಾಲ್ಕನೆಯ ನಡೆಯಲ್ಲಿ ಬಿಳಿಯ ಒಂಟೆ ಜಿ5ಕ್ಕೆ ಬಂದು ಆ ಕುದುರೆಯನ್ನು ದಿಟ್ಟಿಸುತ್ತದೆ. ಕರಿ ತನ್ನ ಒಂಟೆಯನ್ನು ಇ7ರಲ್ಲಿ ಇಡುತ್ತದೆ. ಐದನೆಯ ನಡೆಯಲ್ಲಿ ಬಿಳಿ ಸಿ4ರ ಕಾಲಾಳಿನಿಂದ ಡಿ5ರಲ್ಲಿ ಕಡಿಯುತ್ತದೆ, ಕರಿ ಇ6ರ ಕಾಲಾಳಿನಿಂದ ಅದನ್ನು ಕಡಿಯುತ್ತದೆ. ಆಮೇಲೆ ಬಿಳಿ ಇ3ರಲ್ಲಿ ಕಾಲಾಳನ್ನಿಡುತ್ತದೆ, ಕರಿ ಕ್ಯಾಸಲಿಂಗ್ ಮಾಡಿಕೊಳ್ಳುತ್ತದೆ. ಈಗ ಡಿ5ರಲ್ಲಿ ಕರಿಯ ಕಾಲಾಳೊಂದು ನಿಂತಿದೆ. ಅದನ್ನು ಬಿಳಿ ಕಡಿಯಬಹುದೆ?

ಇಂಥ ಪ್ರಶ್ನೆ ಬಂದಾಗ ಹೆಚ್ಚಿನವರು ತಮ್ಮ ಕಾಯಿಗಳ ಕಡೆಯಿಂದ ನೋಡಲು ಹೊರಡುತ್ತಾರೆ: ನನ್ನ ಈ ಕುದುರೆ ಎಲ್ಲಿಗೆ ಹೋಗುತ್ತದೆ, ಆ ಒಂಟೆ ಎಲ್ಲಿಗೆ ಹೋಗುತ್ತದೆ ಎಂದು. ಹೀಗೆ ನೋಡಿದರೆ ಒಂದಲ್ಲ ಒಂದು ಕಾಯಿ ಕಣ್ಣು ತಪ್ಪಿ ಹೋಗುತ್ತದೆ. ಅದಕ್ಕೆ ಬದಲು ಆ ಮನೆಯಲ್ಲಿಯೇ ನಿಂತು ಹೊರಕ್ಕೆ ನೋಡಬೇಕು. ಮೊದಲು ಓರೆಯಲ್ಲಿ ಪಕ್ಕದ ಮನೆಗಳಲ್ಲಿ ಕಾಲಾಳುಗಳಿವೆಯೆ ಎಂದು; ಆಮೇಲೆ ಕುದುರೆಯ ನೆಗೆತದಷ್ಟು ದೂರದ ಎಂಟು ಮನೆಗಳು; ಆಮೇಲೆ ನಾಲ್ಕು ಓರೆಗಳು, ನಾಲ್ಕು ನೇರಗಳು, ಅವುಗಳಲ್ಲಿ ದಾರಿಗಡ್ಡವಾಗಿ ಯಾವ ಕಾಯಿ ನಿಂತಿದೆ ಎಂದು; ಕಟ್ಟಕಡೆಗೆ ರಾಜರು. ಎರಡು ಬಣ್ಣಗಳಿಗೂ ಇದೇ ಕ್ರಮ. ಡಿ5ರಲ್ಲಿ ನಿಂತು ಹೀಗೆ ನೋಡಿದರೆ ಬಿಳಿಯ ಕಡೆ ಸಿ3ರ ಕುದುರೆ ಒಂದೇ ಕಾಣುತ್ತದೆ. ಬಿಳಿಯ ಮಂತ್ರಿ ಅದೇ ಕಂಬಸಾಲಿನಲ್ಲಿದ್ದರೂ ನಡುವೆ ಡಿ4ರ ಕಾಲಾಳು ಅಡ್ಡ ನಿಂತಿದೆ. ಜಿ5ರ ಒಂಟೆ ಡಿ5ನ್ನು ಮುಟ್ಟುವುದಿಲ್ಲ. ಕರಿಯ ಕಡೆ ಎಫ್6ರ ಕುದುರೆ ಒಂದು, ಡಿ8ರ ಮಂತ್ರಿ ಇನ್ನೊಂದು. ದಾಳಿ ಒಂದು, ಕಾವಲು ಎರಡು. ಕಡಿಯಕೂಡದು.

ಇನ್ನು ಕೆಲವರು ಇಷ್ಟಕ್ಕೆ ನಿಲ್ಲುವುದಿಲ್ಲ. "ಒಂಟೆಯಿಂದ ಎಫ್6ರ ಕುದುರೆಯನ್ನು ಕಡಿದುಬಿಟ್ಟರೆ ಒಂದು ಕಾವಲು ಹೋಯಿತಲ್ಲ" ಎನ್ನುತ್ತಾರೆ. ಮಾತು ಸರಿ. ಬಿಳಿಯ ಒಂಟೆ ಕುದುರೆಯನ್ನು ಕಡಿಯುತ್ತದೆ, ಇ7ರ ಒಂಟೆ ಅದನ್ನು ಕಡಿದು ಎಫ್6ರಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದು ಡಿ5ನ್ನು ಕಾಯಲಾರದು. ಈಗ ದಾಳಿ ಒಂದು, ಕಾವಲು ಒಂದು. ಸಮವಾಯಿತು ಎಂದು ಬಿಳಿ ಕುದುರೆಯಿಂದ ಕಾಲಾಳನ್ನು ಕಡಿದರೆ ಕರಿಯ ಮಂತ್ರಿ ಕುದುರೆಯನ್ನು ಕಡಿಯುತ್ತದೆ. ಬಿಳಿಗೆ ಸಿಕ್ಕಿದ್ದು ಕಾಲಾಳು, ಹೋದದ್ದು ಕುದುರೆ. ಸಮಸಂಖ್ಯೆ ಎಂಬುದು ದಾಳಿ ಮಾಡುವವನಿಗೆ ಸಮವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕಡಿಯಲು ಮೊದಲು ಹೊರಡುವವನು ತನ್ನ ಕಾಯಿಯನ್ನು ಆ ಮನೆಯೊಳಕ್ಕೆ ತಂದು ಒಡ್ಡುತ್ತಾನೆ. ಕಾಯುವವನು ಬಂದವನನ್ನು ಕಡಿಯುತ್ತಾನೆ. ಇಬ್ಬರ ಬಳಿಯೂ ಅಷ್ಟಷ್ಟೇ ಕಾಯಿಗಳಿದ್ದರೆ ಕೊನೆಯ ಏಟು ಕಾಯುವವನದು. ಆದುದರಿಂದ ದಾಳಿಯ ಕಾಯಿಗಳು ಕಾವಲಿಗಿಂತ ಒಂದಾದರೂ ಹೆಚ್ಚಾಗಿರಬೇಕು.

ಆ ಒಂದು ಹೆಚ್ಚನ್ನು ತರುವುದಕ್ಕೆ ಬಿಳಿ ಏಳನೆಯ ನಡೆಯಲ್ಲಿ ಮಂತ್ರಿಯನ್ನು ಬಿ3ಕ್ಕೆ ನಡೆಸುತ್ತದೆಯೆಂದುಕೊಳ್ಳಿ. ಸಿ4 ಖಾಲಿಯಾಗಿರುವುದರಿಂದ ಮಂತ್ರಿಯ ದೃಷ್ಟಿ ಓರೆಯಾಗಿ ಡಿ5ರ ಮೇಲೆ ಬೀಳುತ್ತದೆ. ಈಗ ದಾಳಿ ಎರಡು, ಕಾವಲು ಎರಡು. ಆದರೆ ಜಿ5ರ ಒಂಟೆ ಯಾವ ಕ್ಷಣದಲ್ಲಾದರೂ ಒಂದು ಕಾವಲನ್ನು ಕಿತ್ತುಹಾಕಬಲ್ಲದು. ಕರಿಯ ಆಟಗಾರ ಇದನ್ನು ಎಣಿಸದೆ, ಒಂಟೆಯನ್ನು ಅಟ್ಟುವ ಹುಮ್ಮಸ್ಸಿನಲ್ಲಿ ಎಚ್6ಕ್ಕೆ ಕಾಲಾಳನ್ನು ತಳ್ಳುತ್ತಾನೆ. ನಮ್ಮ ಕೊಠಡಿಯಲ್ಲಿ ಈ ತಳ್ಳುವಿಕೆಗೆ ಇರುವಷ್ಟು ಪ್ರೀತಿ ಬೇರೆ ಯಾವ ನಡೆಗೂ ಇಲ್ಲ. ಬಿಳಿಗೆ ಬೇಕಾದದ್ದೂ ಅದೇ. ಒಂಟೆ ಎಫ್6ರಲ್ಲಿ ಕುದುರೆಯನ್ನು ಕಡಿಯುತ್ತದೆ, ಕರಿಯ ಒಂಟೆ ಅದನ್ನು ಕಡಿಯುತ್ತದೆ, ಬಿಳಿಯ ಕುದುರೆ ಡಿ5ರಲ್ಲಿ ಕಾಲಾಳನ್ನು ಕಡಿಯುತ್ತದೆ. ಕರಿಯ ಮಂತ್ರಿ ಕುದುರೆಯನ್ನು ಕಡಿದರೆ ಬಿಳಿಯ ಮಂತ್ರಿ ಅದನ್ನು ಕಡಿಯುತ್ತದೆ. ದಾಳಿ ಎರಡು, ಕಾವಲು ಒಂದು. ಕಾಲಾಳು ಬಿಳಿಯ ಪಾಲಾಯಿತು.

ಕರಿ ಕೊನೆಯ ಪ್ರಯತ್ನವಾಗಿ ಸಿ8ರ ಒಂಟೆಯನ್ನು ಇ6ಕ್ಕೆ ತರಬಹುದು. ಆಗ ಡಿ5ರ ಕುದುರೆಯ ಮೇಲೆ ಎರಡು ಕಾಯಿಗಳು ಬಿದ್ದಂತಾಯಿತು. ಅದನ್ನು ಕಾಯುವುದು ಬಿ3ರ ಮಂತ್ರಿ ಒಂದೇ. ಅಲ್ಲದೆ ಕುದುರೆ ಜರುಗಿದರೆ ಹಿಂದಿನ ಮಂತ್ರಿಯೇ ಒಂಟೆಯ ಬಾಯಿಗೆ ಬೀಳುತ್ತದೆ. ಲೆಕ್ಕ ತಿರುಗಿಬಿದ್ದಂತೆ ಕಾಣುತ್ತದೆ. ಆದರೆ ಕುದುರೆ ಎಫ್6ರ ಒಂಟೆಯನ್ನು ಕಡಿದು ರಾಜನಿಗೆ ಚೆಕ್ ಕೊಡುತ್ತದೆ. ಚೆಕ್ಕಿಗೆ ಉತ್ತರ ಕೊಡದೆ ಕರಿ ಬೇರೆ ಏನನ್ನೂ ಮಾಡುವಂತಿಲ್ಲ. ಮಂತ್ರಿಯಿಂದಲೋ ಕಾಲಾಳಿನಿಂದಲೋ ಆ ಕುದುರೆಯನ್ನು ಕಡಿಯಬೇಕು. ಅಷ್ಟರಲ್ಲಿ ಬಿಳಿಯ ಮಂತ್ರಿ ನಿಧಾನವಾಗಿ ಡಿ1ಕ್ಕೆ ಹಿಂದಿರುಗಬಹುದು. ಗೆದ್ದ ಕಾಲಾಳು ಗೆದ್ದಂತೆಯೇ ಉಳಿಯಿತು. ಒಂದು ಮನೆಯ ಎಣಿಕೆ ಮುಗಿದ ಮೇಲೂ, ಈ ಕಡಿದಾಟದ ನಡುವೆ ಯಾರಾದರೂ ಚೆಕ್ ಕೊಡಬಲ್ಲರೆ ಎಂದು ಒಮ್ಮೆ ಕಣ್ಣಾಡಿಸಬೇಕಾದದ್ದು ಈ ಕಾರಣದಿಂದ. ಈ ಸಲ ಅದು ಬಿಳಿಯ ನೆರವಿಗೆ ಬಂದಿತು. ಮುಂದೆ ಒಂದು ಕಡೆ ಅದು ಬಿಳಿಯನ್ನೇ ಮುಳುಗಿಸುವುದನ್ನು ನೋಡುತ್ತೇವೆ.

ಎಚ್6ಕ್ಕೆ ಬದಲಾಗಿ ಕರಿ ಸಿ6ರಲ್ಲಿ ಕಾಲಾಳನ್ನಿಟ್ಟಿದ್ದರೆ? ಈಗ ಬಿಳಿಯ ಒಂಟೆ ಎಫ್6ರ ಕುದುರೆಯನ್ನು ಕಡಿದ ಮೇಲೆಯೂ ಡಿ5ಕ್ಕೆ ಎರಡು ಕಾವಲುಗಳಿರುತ್ತವೆ: ಸಿ6ರ ಕಾಲಾಳು ಮತ್ತು ಮಂತ್ರಿ. ಎರಡಕ್ಕೆ ಎರಡು, ಕಡಿಯಕೂಡದು ಎಂದು ಸಂಖ್ಯೆಯೇ ಹೇಳುತ್ತದೆ. ಆದರೆ ಇಲ್ಲಿ ಸಂಖ್ಯೆಗಿಂತ ದೊಡ್ಡ ಮಾತೊಂದಿದೆ. ಬಿಳಿ ಇನ್ನೂ ನಾಲ್ಕು ಕಾಯಿಗಳನ್ನು ತಂದು ಡಿ5ರ ಮೇಲೆ ಗುರಿಯಿಟ್ಟರೂ ಆ ಕಾಲಾಳನ್ನು ಕಡಿಯುವುದಕ್ಕೆ ಮನಸ್ಸು ಬರಲಾರದು. ಏಕೆಂದರೆ ಮೊದಲು ಒಳಹೊಕ್ಕ ಕಾಯಿಯನ್ನು ಕಡಿಯುವುದು ಒಂದು ಬಡ ಕಾಲಾಳು.

ಇಲ್ಲಿ ಬೆಲೆಯ ವಿಚಾರ ಬರುತ್ತದೆ. ಪುಸ್ತಕಗಳಲ್ಲಿ ಕೊಡುವ ಬೆಲೆಪಟ್ಟಿ ಎಲ್ಲರಿಗೂ ತಿಳಿದದ್ದೇ: ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9, ರಾಜನಿಗೆ ಬೆಲೆಯಿಲ್ಲ. ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಡಿ4ರ ಬಿಳಿ ಕಾಲಾಳು ಹಲಗೆಯಿಂದ ಹೋಗಿದೆ. ಡಿ ಕಂಬಸಾಲಿನಲ್ಲಿ ಬಿಳಿಯ ಎರಡು ಆನೆಗಳು ಒಂದರ ಹಿಂದೆ ಒಂದು, ಅವುಗಳ ಹಿಂದೆ ಮಂತ್ರಿ. ಕರಿಯ ಡಿ5ರ ಕಾಲಾಳನ್ನು ಕಾಯುತ್ತಿರುವುದು ಸಿ6ರ ಕಾಲಾಳು ಮತ್ತು ಎಫ್6ರ ಕುದುರೆ. ದಾಳಿ ಮೂರು, ಕಾವಲು ಎರಡು. ಕೇವಲ ತಲೆ ಎಣಿಸುವವನು ಸಂತೋಷದಿಂದ ನುಗ್ಗುತ್ತಾನೆ. ಆನೆ ಕಾಲಾಳನ್ನು ಕಡಿಯುತ್ತದೆ, ಕಾಲಾಳು ಆನೆಯನ್ನು ಕಡಿಯುತ್ತದೆ. ಎರಡನೆಯ ಆನೆ ಆ ಕಾಲಾಳನ್ನು ಕಡಿಯುತ್ತದೆ, ಕುದುರೆ ಆ ಆನೆಯನ್ನು ಕಡಿಯುತ್ತದೆ. ಮಂತ್ರಿ ಕುದುರೆಯನ್ನು ಕಡಿದು ಮನೆಯನ್ನು ವಶಪಡಿಸಿಕೊಳ್ಳುತ್ತದೆ. ಕೊನೆಯ ಏಟು ಬಿಳಿಯದೇ, ನಿಜ. ಬಿಳಿಗೆ ಬಂದದ್ದು ಎರಡು ಕಾಲಾಳು, ಒಂದು ಕುದುರೆ, ಒಟ್ಟು 5. ಹೋದದ್ದು ಎರಡು ಆನೆ, ಒಟ್ಟು 10. ಮನೆಯನ್ನು ಗೆದ್ದು ಆಸ್ತಿಯನ್ನು ಕಳೆದುಕೊಂಡಂತಾಯಿತು.

ಹಾಗಾದರೆ ಸರಿಯಾದ ಲೆಕ್ಕ ಯಾವುದು? ಎರಡು ಪಕ್ಷಗಳೂ ತಮ್ಮಲ್ಲಿ ಅತಿ ಅಗ್ಗವಾದ ಕಾಯಿಯಿಂದಲೇ ಮೊದಲು ಕಡಿಯುತ್ತವೆಂದು ಇಟ್ಟುಕೊಳ್ಳಬೇಕು. ದಾಳಿಯ ಕಾಯಿಗಳನ್ನು ಅಗ್ಗದಿಂದ ದುಬಾರಿಗೆ ಒಂದು ಸಾಲಾಗಿ ನಿಲ್ಲಿಸಿ, ಕಾವಲನ್ನೂ ಹಾಗೆಯೇ ನಿಲ್ಲಿಸಿ, ಒಂದೊಂದು ಏಟಿಗೂ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಜಮಾಖರ್ಚು ಬರೆಯಬೇಕು. ಇನ್ನೊಂದು ಸಂಗತಿಯನ್ನು ಮರೆಯಬಾರದು: ಯಾರೂ ಕೊನೆಯವರೆಗೆ ಕಡಿಯಲೇಬೇಕೆಂಬ ನಿಯಮವಿಲ್ಲ. ನಷ್ಟವೆಂದು ಕಂಡ ಕಡೆ ಯಾರಾದರೂ ನಿಂತುಬಿಡಬಹುದು. ಮೇಲಿನ ಉದಾಹರಣೆಯಲ್ಲಿ ಮೊದಲನೆಯ ಆನೆ ಹೋದೊಡನೆ ಬಿಳಿ ನಿಂತುಬಿಟ್ಟಿದ್ದರೆ ನಷ್ಟ 5ಕ್ಕೆ ಬದಲು 4 ಆಗುತ್ತಿತ್ತು. ಅದೇ ರೀತಿ, "ಅವನು ನನ್ನದನ್ನು ಕಡಿದ ಮೇಲೆ ನಾನು ಅವನ ಮಂತ್ರಿಯನ್ನು ಕಡಿಯುತ್ತೇನೆ" ಎಂದು ಲೆಕ್ಕ ಹಾಕುವವನು, ಎದುರಾಳಿ ಮಂತ್ರಿಯನ್ನು ಒಡ್ಡುವ ಬದಲು ಸುಮ್ಮನೆ ನಿಂತುಬಿಡಬಹುದೆಂಬುದನ್ನು ನೆನಪಿಡಬೇಕು. ಲೆಕ್ಕದಲ್ಲಿ ಎದುರಾಳಿಯನ್ನು ನಮ್ಮಷ್ಟೇ ಬುದ್ಧಿವಂತನೆಂದು ಎಣಿಸುವುದು ಸ್ವಲ್ಪ ಕಷ್ಟ, ಆದರೆ ಅನಿವಾರ್ಯ.

ಕಾಯಿಗಳು ಒಂದೇ ಗೆರೆಯಲ್ಲಿ ಒಂದರ ಹಿಂದೊಂದು ನಿಂತಿದ್ದರೆ ಸರದಿಯನ್ನು ನಾವು ಆರಿಸುವಂತಿಲ್ಲ. ಮುಂದೆ ನಿಂತದ್ದೇ ಮೊದಲು ಹೋಗಬೇಕು. ಮಂತ್ರಿ ಮುಂದೆ ನಿಂತು ಆನೆಗಳು ಹಿಂದಿದ್ದರೆ, ಕಾವಲಿರುವ ಮನೆಗೆ ಮೊದಲು 9ರ ಬೆಲೆಯದನ್ನು ಕಳುಹಿಸಬೇಕಾಗುತ್ತದೆ. ಆಗ ಹಿಂದಿನ ಆನೆಗಳು ಎಣಿಕೆಗೆ ಮಾತ್ರ ಉಂಟು, ಕೆಲಸಕ್ಕಿಲ್ಲ. 1930ರಲ್ಲಿ ಇಟಲಿಯ ಸ್ಯಾನ್ ರೆಮೋ ಪಂದ್ಯದಲ್ಲಿ ಅಲೆಖಿನ್ ಅವರು ನಿಮ್ಜೋವಿಚ್ ಅವರ ಎದುರಿನ ಆಟದಲ್ಲಿ ಸಿ ಕಂಬಸಾಲಿನಲ್ಲಿ ಎರಡು ಆನೆಗಳನ್ನು ಮುಂದಿಟ್ಟು ಮಂತ್ರಿಯನ್ನು ಸಿ1ಕ್ಕೆ, ಎಲ್ಲಕ್ಕೂ ಹಿಂದಕ್ಕೆ, ಸರಿಸಿದರು. ಈ ಜೋಡಣೆಗೆ ಅಂದಿನಿಂದ 'ಅಲೆಖಿನ್ನರ ಬಂದೂಕು' ಎಂದೇ ಹೆಸರು. ಮದ್ದು ಹಿಂದೆ, ಗುಂಡು ಮುಂದೆ ಎಂಬ ಕ್ರಮದಲ್ಲಿ ಹೆಸರು ಹೊಂದುತ್ತದೆ. ಎದುರಾಳಿ 30ನೆಯ ನಡೆಗೆ ಸೋಲೊಪ್ಪಿಕೊಂಡರು.

ಜಮಾಖರ್ಚು ಸರಿಹೊಂದಿದ ಮೇಲೆಯೂ ವ್ಯಾಪಾರ ಕೆಟ್ಟದ್ದಾಗಿರಬಹುದು. ಇದಕ್ಕೆ ಡಿ5ನ್ನು ಒಂದು ಗಳಿಗೆ ಬಿಟ್ಟು, ಹೊಸಬರಿಗೆ ಅತ್ಯಂತ ಪ್ರಿಯವಾದ ಎಫ್7ರ ಮನೆಗೆ ಹೋಗಬೇಕು. ಎರಡು ಕಡೆಯ ರಾಜನ ಕಾಲಾಳುಗಳು ಇ4, ಇ5ರಲ್ಲಿ. ಬಿಳಿಯ ಕುದುರೆ ಎಫ್3ಕ್ಕೆ, ಕರಿಯದು ಸಿ6ಕ್ಕೆ. ಒಂಟೆಗಳು ಸಿ4ಕ್ಕೆ ಮತ್ತು ಸಿ5ಕ್ಕೆ. ಬಿಳಿ ಕ್ಯಾಸಲಿಂಗ್ ಮಾಡಿಕೊಂಡಿತು, ಕರಿಯ ಎರಡನೆಯ ಕುದುರೆ ಎಫ್6ಕ್ಕೆ ಬಂದಿತು. ಐದನೆಯ ನಡೆಯಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಹಾರಿ ಎಫ್7ನ್ನು ನೋಡುತ್ತದೆ. ಸಿ4ರ ಒಂಟೆಯೂ ಅದನ್ನೇ ನೋಡುತ್ತಿದೆ. ಕರಿ ಕ್ಯಾಸಲಿಂಗ್ ಮಾಡಿಕೊಳ್ಳುತ್ತದೆ. ಆನೆ ಎಫ್8ರಿಂದ, ರಾಜ ಜಿ8ರಿಂದ ಎಫ್7ರ ಕಾಲಾಳನ್ನು ಕಾಯುತ್ತಾರೆ. ಎರಡಕ್ಕೆ ಎರಡು. ಆದರೂ ಕುದುರೆ ಕಾಲಾಳನ್ನು ಕಡಿಯುತ್ತದೆ, ಆನೆ ಕುದುರೆಯನ್ನು, ಒಂಟೆ ಆನೆಯನ್ನು, ರಾಜ ಒಂಟೆಯನ್ನು. ಲೆಕ್ಕ ಬರೆಯಿರಿ: ಬಿಳಿಗೆ ಬಂದದ್ದು ಕಾಲಾಳು 1, ಆನೆ 5, ಹೋದದ್ದು ಕುದುರೆ 3, ಒಂಟೆ 3. ಆರಕ್ಕೆ ಆರು. ಮೇಲಾಗಿ ಕರಿಯ ರಾಜ ಬಯಲಿಗೆ ಬಂದಿದ್ದಾನೆ ಎಂದು ಬಿಳಿಯ ಆಟಗಾರ ಮೀಸೆ ತಿರುವುತ್ತಾನೆ.

ಅವನು ಎಣಿಸದೆ ಬಿಟ್ಟದ್ದು ನಡೆಗಳನ್ನು. ಈವರೆಗೆ ಬಿಳಿ ಆಡಿದ್ದು ಏಳು ನಡೆ. ಅದರಲ್ಲಿ ಮೂರು ಆ ಕುದುರೆಯವು, ಎರಡು ಆ ಒಂಟೆಯವು. ಆ ಎರಡು ಕಾಯಿಗಳೂ ಡಬ್ಬಿ ಸೇರಿದವು, ಅವುಗಳೊಂದಿಗೆ ಐದು ನಡೆಗಳೂ ಹೋದವು. ಹಲಗೆಯ ಮೇಲೆ ಉಳಿದದ್ದು ಇ4ರ ಕಾಲಾಳು ಮತ್ತು ಕ್ಯಾಸಲಿಂಗ್ ಮಾತ್ರ. ಕರಿಯ ಎರಡು ಕುದುರೆಗಳೂ ಒಂದು ಒಂಟೆಯೂ ಆಗಲೇ ಹೊರಗೆ ನಿಂತಿವೆ. ಬಯಲಿಗೆ ಬಂದ ರಾಜನನ್ನು ಅಟ್ಟುವುದಕ್ಕೆ ಬಿಳಿಯ ಬಳಿ ಹೊರಗೆ ಬಂದ ಒಂದು ಕಾಯಿಯೂ ಇಲ್ಲ. ಆಟದ ಆರಂಭದಲ್ಲಿ ಒಂದು ಆನೆಗಿಂತ, ಕೆಲಸಕ್ಕೆ ಇಳಿದ ಕುದುರೆ ಮತ್ತು ಒಂಟೆಯ ಜೋಡಿಯೇ ಮೇಲು ಎಂಬುದು ಅನುಭವಿಗಳ ಮತ. ನನಗೂ ಈ ವಿನಿಮಯ ಬಿಳಿಗೆ ನಷ್ಟದ್ದೆಂಬುದರಲ್ಲಿ ಸಂಶಯವಿಲ್ಲ. ಇಲ್ಲಿ ರಾಜನ ಕಾವಲಿನ ಬಗೆಯನ್ನೂ ಗಮನಿಸಿ. ರಾಜ ಕಡಿಯಬಲ್ಲವನಾದದ್ದು ಬಿಳಿಯ ದಾಳಿ ಎರಡಕ್ಕೇ ಮುಗಿದುದರಿಂದ. ಎಫ್ ಕಂಬಸಾಲು ತೆರೆದಿದ್ದು ಬಿಳಿಯ ಆನೆಯೋ ಮಂತ್ರಿಯೋ ಮೂರನೆಯದಾಗಿ ಎಫ್7ನ್ನು ನೋಡುತ್ತಿದ್ದರೆ, ರಾಜ ಆ ಮನೆಗೆ ಕಾಲಿಡುವಂತೆಯೇ ಇರಲಿಲ್ಲ. ರಾಜನನ್ನು ಕಾವಲಿಗೆ ಎಣಿಸುವಾಗ ಅವನು ಕೊನೆಯವನಾಗಿ, ಎದುರಾಳಿಯ ದಾಳಿಯೆಲ್ಲ ಮುಗಿದ ಮೇಲೆ ಮಾತ್ರ ಬರಬಲ್ಲ.

ಈಗ ಡಿ5ಕ್ಕೆ ಹಿಂದಿರುಗೋಣ. ಎಣಿಸಬಾರದ ಕಾವಲು ಎಂದು ಇನ್ನೊಂದು ಬಗೆಯುಂಟು. ಎದುರಾಳಿಯ ಕಾಯಿಯೊಂದು ತನ್ನ ಹಿಂದಿರುವ ದೊಡ್ಡ ಕಾಯಿಗೆ ಮರೆಯಾಗಿ ನಿಂತು, ಕದಲಲಾರದೆ ಕಟ್ಟುಬಿದ್ದಿರುತ್ತದೆ. ಕಟ್ಟುಬಿದ್ದ ಕಾಯಿ ಕಾಯಲಾರದು, ಆದುದರಿಂದ ಅದನ್ನು ಎಣಿಕೆಯಿಂದ ಬಿಡಬೇಕು ಎಂದು ಕಲಿಸುತ್ತಾರೆ. ಈ ಪಾಠವನ್ನು ಅರ್ಧ ಕಲಿತವರಿಗಾಗಿಯೇ ಹೇಳಿ ಮಾಡಿಸಿದಂಥ ಒಂದು ಬೋನು ಇದೇ ಆರಂಭದಲ್ಲಿದೆ. ಅದಕ್ಕೆ 'ಎಲಿಫೆಂಟ್ ಟ್ರ್ಯಾಪ್', ಆನೆಯ ಬೋನು, ಎಂದು ಹೆಸರು; ನಾವು ಆನೆಯೆಂದು ಕರೆಯುವ ಕಾಯಿ ಮಾತ್ರ ಇದರಲ್ಲಿ ಕದಲುವುದೇ ಇಲ್ಲ. ದಾಖಲೆಯಲ್ಲಿ ಇದರ ಮೊದಲ ಬೇಟೆ 1848ರಲ್ಲಿ ಬರ್ಲಿನ್ನಿನಲ್ಲಿ ನಡೆಯಿತು. ಬಿಳಿಯ ಕಡೆ ಮೇಯೆಟ್, ಕರಿಯ ಕಡೆ ಹಾರ್ವಿಟ್ಸ್.

ಮೊದಲ ಮೂರು ನಡೆಗಳು ಹಿಂದಿನವೇ. ನಾಲ್ಕನೆಯದರಲ್ಲಿ ಬಿಳಿಯ ಒಂಟೆ ಜಿ5ಕ್ಕೆ ಬಂದಾಗ ಕರಿ ಇ7ರಲ್ಲಿ ಒಂಟೆಯನ್ನಿಡದೆ ಇನ್ನೊಂದು ಕುದುರೆಯನ್ನು ಬಿ8ರಿಂದ ಡಿ7ಕ್ಕೆ ತರುತ್ತದೆ. ಬಿಳಿ ಸಿ4ರ ಕಾಲಾಳಿನಿಂದ ಡಿ5ರಲ್ಲಿ ಕಡಿಯುತ್ತದೆ, ಕರಿ ಇ6ರ ಕಾಲಾಳಿನಿಂದ ಉತ್ತರ ಕೊಡುತ್ತದೆ. ಈಗ ಡಿ5ರಲ್ಲಿ ನಿಂತು ನೋಡಿರಿ. ಬಿಳಿಯ ದಾಳಿ ಸಿ3ರ ಕುದುರೆ, ಒಂದು. ಕರಿಯ ಮಂತ್ರಿಯ ದಾರಿಗೆ ಡಿ7ರ ಕುದುರೆ ಅಡ್ಡ ಬಂದಿದೆ; ಆ ಕಾವಲು ಹೋಯಿತು. ಉಳಿದದ್ದು ಎಫ್6ರ ಕುದುರೆ. ಆದರೆ ಜಿ5ರ ಒಂಟೆ ಅದನ್ನು ಡಿ8ರ ಮಂತ್ರಿಗೆ ಕಟ್ಟಿಹಾಕಿದೆ. ಕದಲಿದರೆ ಮಂತ್ರಿ ಹೋಗುತ್ತದೆ. ಹಾಗಾದರೆ ಕಾವಲು ಸೊನ್ನೆ! ಬಿಳಿಯ ಕುದುರೆ ಸಂತೋಷದಿಂದ ಕಾಲಾಳನ್ನು ಕಡಿಯುತ್ತದೆ.

ಕರಿಯ ಕುದುರೆ ಕದಲುತ್ತದೆ. ಡಿ5ರಲ್ಲಿ ಬಿಳಿಯ ಕುದುರೆಯನ್ನು ಕಡಿಯುತ್ತದೆ. ಬಿಳಿಯ ಒಂಟೆ ಡಿ8ರಲ್ಲಿ ಮಂತ್ರಿಯನ್ನು ಕಡಿಯುತ್ತದೆ. ಆಗ ಕರಿಯ ಎಫ್8ರ ಒಂಟೆ ಬಿ4ಕ್ಕೆ ಓಡಿ ಚೆಕ್ ಕೊಡುತ್ತದೆ. ಬಿಳಿಯ ರಾಜನ ಸುತ್ತ ಕಣ್ಣಾಡಿಸಿ. ಡಿ1ರಲ್ಲಿ ಅವನದೇ ಮಂತ್ರಿ, ಎಫ್1ರಲ್ಲಿ ಅವನದೇ ಒಂಟೆ, ಇ2ರಲ್ಲೂ ಎಫ್2ರಲ್ಲೂ ಅವನವೇ ಕಾಲಾಳುಗಳು. ಡಿ2 ಒಂಟೆಯ ದಾರಿಯಲ್ಲಿದೆ. ಸಿ3ರಲ್ಲಿ ಅಡ್ಡ ನಿಲ್ಲಬೇಕಾಗಿದ್ದ ಕುದುರೆ ಕಾಲಾಳನ್ನು ತಿನ್ನಲು ಹೋಗಿ ಸತ್ತಿದೆ. ಉಳಿದ ನಡೆ ಒಂದೇ: ಮಂತ್ರಿಯನ್ನು ಡಿ2ರಲ್ಲಿ ಅಡ್ಡ ಹಾಕುವುದು. ಒಂಟೆ ಅದನ್ನು ಕಡಿಯುತ್ತದೆ, ರಾಜ ಒಂಟೆಯನ್ನು ಕಡಿಯುತ್ತಾನೆ. ಕೊನೆಗೆ ಕರಿಯ ರಾಜ ಡಿ8ರಲ್ಲಿ ಸಿಕ್ಕಿಕೊಂಡಿರುವ ಬಿಳಿಯ ಒಂಟೆಯನ್ನು ಕಡಿಯುತ್ತಾನೆ. ಬಿಳಿಗೆ ಬಂದದ್ದು ಕಾಲಾಳು, ಮಂತ್ರಿ, ಒಂಟೆ: 13. ಹೋದದ್ದು ಕುದುರೆ, ಮಂತ್ರಿ, ಒಂಟೆ: 15. ಕಾಲಾಳೊಂದಕ್ಕೆ ಕುದುರೆಯನ್ನು ಕೊಟ್ಟಂತಾಯಿತು.

ಬಿಳಿಯ ಎಣಿಕೆಯಲ್ಲಿ ಸಂಖ್ಯೆ ತಪ್ಪಿರಲಿಲ್ಲ. ಕಟ್ಟು ಎಂಥದ್ದೆಂದು ಕೇಳಿಕೊಂಡಿರಲಿಲ್ಲ. ಕಟ್ಟುಬಿದ್ದ ಕಾಯಿಯ ಹಿಂದೆ ರಾಜನಿದ್ದರೆ ಅದು ಕದಲಲು ಆಟದ ನಿಯಮವೇ ಬಿಡುವುದಿಲ್ಲ. ಅಂಥ ಕಾವಲನ್ನು ಧೈರ್ಯವಾಗಿ ಸೊನ್ನೆಯೆಂದು ಬರೆಯಬಹುದು. ಹಿಂದೆ ಮಂತ್ರಿಯಿದ್ದರೆ ಕದಲಬಾರದೆಂಬ ನಿಯಮವೇನೂ ಇಲ್ಲ. ಕದಲಿದರೆ ಒಂದು ದಂಡ ತೆರಬೇಕು, ಅಷ್ಟೆ. ಆ ದಂಡ ಎಷ್ಟು, ಅದನ್ನು ತೆತ್ತ ಮೇಲೆ ಹಿಂದಕ್ಕೆ ಏನಾದರೂ ವಸೂಲಾಗುತ್ತದೆಯೆ ಎಂಬುದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಇಲ್ಲಿ ಕರಿ 9ನ್ನು ದಂಡವಾಗಿ ತೆತ್ತು, ಮರುನಡೆಯಲ್ಲೇ ಚೆಕ್ಕಿನ ಬಲದಿಂದ 9ನ್ನು ವಸೂಲು ಮಾಡಿಕೊಂಡಿತು. ಗುರುತಿಸುವುದಕ್ಕೆ ಚಿಹ್ನೆಗಳೂ ಉಂಟು. ಇ7ರ ಕಾಲಾಳು ಇ6ಕ್ಕೆ ಹೋದೊಡನೆಯೇ ಎಫ್8ರ ಒಂಟೆಗೆ ಬಿ4ರವರೆಗೂ ದಾರಿ ಬಿಚ್ಚಿಕೊಂಡಿತ್ತು. ಬಿಳಿಯ ರಾಜ ಇನ್ನೂ ಇ1ರಲ್ಲೇ ಇದ್ದಾನೆ, ಅವನಿಗೆ ಜರುಗಲು ಒಂದು ಮನೆಯೂ ಇಲ್ಲ. ಅವನ ಮುಂದಿನ ಓರೆಯನ್ನು ಮುಚ್ಚಿಕೊಂಡಿರುವುದು ಸಿ3ರ ಕುದುರೆಯೊಂದೇ, ಕಡಿಯಲು ಹೊರಟಿರುವುದೂ ಅದೇ ಕುದುರೆ.

ಇದು ಹೀಗೆಯೇ ಎಂಬುದಕ್ಕೆ ಒಂದು ಪರೀಕ್ಷೆ ಮಾಡಬಹುದು. ಐದನೆಯ ನಡೆಯಲ್ಲಿ ಬಿಳಿ ಡಿ5ರಲ್ಲಿ ಕಡಿಯಲು ಅವಸರಪಡದೆ ಇ2ರ ಕಾಲಾಳನ್ನು ಇ3ಕ್ಕೆ ಒಂದು ಹೆಜ್ಜೆ ಇಟ್ಟಿತೆಂದುಕೊಳ್ಳಿ. ಕರಿ ತನ್ನ ಬೋನಿನ ಮೇಲಿನ ನಂಬಿಕೆಯಿಂದ ಎ6ರಲ್ಲಿ ಒಂದು ಕಾಲಾಳನ್ನು ಸುಮ್ಮನೆ ತಳ್ಳುತ್ತದೆ. ಈಗ ಬಿಳಿ ಸಿ4ರಿಂದ ಡಿ5ರಲ್ಲಿ ಕಡಿಯುತ್ತದೆ, ಕರಿ ಇ6ರಿಂದ ಕಡಿಯುತ್ತದೆ. ಡಿ5ರ ಎಣಿಕೆ ಮೊದಲಿನಂತೆಯೇ: ದಾಳಿ ಒಂದು, ಕಟ್ಟುಬಿದ್ದ ಕಾವಲು ಒಂದು. ಬಿಳಿಯ ಕುದುರೆ ಕಾಲಾಳನ್ನು ಕಡಿಯುತ್ತದೆ, ಕರಿಯ ಕುದುರೆ ಅದನ್ನು ಕಡಿಯುತ್ತದೆ, ಒಂಟೆ ಮಂತ್ರಿಯನ್ನು ಕಡಿಯುತ್ತದೆ, ಕರಿಯ ಒಂಟೆ ಬಿ4ಕ್ಕೆ ಬಂದು ಚೆಕ್ ಕೊಡುತ್ತದೆ. ಆದರೆ ಈ ಸಲ ಇ2 ಖಾಲಿಯಿದೆ. ರಾಜ ಅಲ್ಲಿಗೆ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಾನೆ. ಬಿಳಿಯ ಮಂತ್ರಿ ಕದಲಬೇಕಾಗಿಲ್ಲ. ಕರಿಗೆ ಡಿ8ರ ಒಂಟೆಯನ್ನು ಕಡಿಯುವುದಷ್ಟೇ ಉಳಿಯಿತು. ಬಿಳಿಗೆ ಬಂದದ್ದು 10, ಹೋದದ್ದು 6. ಡಿ5ರ ಎಣಿಕೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳದ, ಆ ಮನೆಯನ್ನು ಮುಟ್ಟಲಾರದ ಇ3ರ ಕಾಲಾಳು, ಎರಡು ಅಂಕದ ನಷ್ಟವನ್ನು ನಾಲ್ಕು ಅಂಕದ ಲಾಭವಾಗಿ ತಿರುಗಿಸಿತು.

ಆದುದರಿಂದಲೇ ಈ ಆರಂಭವನ್ನು ಬಲ್ಲ ಕರಿಯ ಆಟಗಾರ, ಬಿಳಿ ಇ3 ಆಡಿದೊಡನೆ ಎ6ರಂಥ ನಡೆಗಳಿಗೆ ಕೈ ಹಾಕುವುದಿಲ್ಲ. ಒಂಟೆಯನ್ನು ಇ7ರಲ್ಲಿಟ್ಟು ಕಟ್ಟನ್ನು ಬಿಡಿಸಿಕೊಳ್ಳುತ್ತಾನೆ, ಇಲ್ಲವೆ ಸಿ6ರಲ್ಲಿ ಕಾಲಾಳನ್ನಿಟ್ಟು ಡಿ5ಕ್ಕೆ ಅಗ್ಗದ ಕಾವಲನ್ನು ಕೊಡುತ್ತಾನೆ. ಇ7ರ ಒಂಟೆ ಮಂತ್ರಿಗೆ ಅಡ್ಡವಾಗಿ ನಿಂತ ಮೇಲೆ ಎಫ್6ರ ಕುದುರೆ ನಿಜವಾದ ಕಾವಲು. ಬಿಳಿ ಡಿ5ರಲ್ಲಿ ಕುದುರೆಯನ್ನು ಕೊಟ್ಟರೆ ಸಿಕ್ಕುವುದು ಕಾಲಾಳೊಂದೇ.